ಎರವಲು ಟ್ಯಾಬು, ಅಡಿಕೆ ಕೊನೆ, ಮೂವತ್ತಾರು ಚಿತ್ರ

ಎರವಲು ಟ್ಯಾಬಿನಲ್ಲಿ ತಾನಾಗಿಯೇ ಅನಿಮೇಶನ್ ಕಲಿಯುತ್ತಿರುವ ಹುಡುಗಿಯೊಬ್ಬಳ ಪ್ರಕರಣ ಇದು, ಅವಳು ನಮ್ಮ ಅಣ್ಣನ ಮಗಳು. ಮನೆಯಲ್ಲಿ ಪುಟ್ಟಿ ಅಂತ ಕರೆಯುತ್ತೇವೆ, ಇಲ್ಲೂ ಅದೇ ಇರಲಿ. ಒಂಬತ್ತನೇ ಕ್ಲಾಸು. ಊರು ಸಾಗರ ತಾಲ್ಲೂಕಿನಲ್ಲಿ, ಬಸ್ ಇಳಿದ ಮೇಲೂ ಸ್ವಲ್ಪ ದೂರ ನಡೆಯಬೇಕಾದ ಕಡೆ. ಮಳೆಗಾಲದಲ್ಲಿ ಕರೆಂಟು ಬಂದದ್ದೇ ಸುದ್ದಿ. ನಾನು ಬೆಂಗಳೂರಿನಲ್ಲಿ ಅನಿಮೇಶನ್ ಕೆಲಸ ಮಾಡುವವಳು. ಅತ್ತೆ ಈ ಕೆಲಸದಲ್ಲಿದ್ದಾಳೆ ಅಂದಮೇಲೆ ಅವಳೇ ಕಲಿಸಿರಬೇಕು ಅಂತ ನೀವು ಅಂದುಕೊಳ್ಳುವುದು ಸಹಜ. ಇಲ್ಲ, ನಾನು ಕಲಿಸಿಲ್ಲ. ಅಡಿಕೆ ಕೊಯ್ಲಿಗೆ ಊರಿಗೆ ಹೋದಾಗಲೇ ನನಗೆ ವಿಷಯ ಗೊತ್ತಾಗಿದ್ದು. ಅಷ್ಟರಲ್ಲಿ ಅವಳು ಅರ್ಧ ದಾರಿ ಬಂದಾಗಿತ್ತು.

ಅವಳು ಕಲಿತಿದ್ದು ಹೇಗೆ ಅಂತ ನನಗೆ ತಿಳಿದಿದ್ದು ಅವಳ ಬಾಯಿಂದಲ್ಲ, ಫೈಲುಗಳಿಂದ. ಮಾಡಿದ್ದನ್ನೆಲ್ಲ ಅವಳು ಅಪ್ಪನ ಫೋನಿಗೆ ವಾಟ್ಸಾಪ್ ಮಾಡಿದ್ದಳು. ಆ್ಯಂಡ್ರಾಯ್ಡ್ ಫೋನಿನಲ್ಲಿ ಹಾಗೆ ಬಂದ ವಿಡಿಯೊಗೆ `VID-YYYYMMDD-WA0001.mp4` ಅನ್ನೋ ಥರ ಹೆಸರು ಬೀಳುತ್ತೆ, ಅಂದರೆ ದಿನಾಂಕ ಹೆಸರಲ್ಲೇ ಇರುತ್ತೆ. ನಮ್ಮಣ್ಣ ಯಾವುದನ್ನೂ ಡಿಲೀಟ್ ಮಾಡುವ ಪೈಕಿ ಅಲ್ಲ, ಪುಣ್ಯಕ್ಕೆ. ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿಕೊಂಡು ದಿನಾಂಕದ ಪ್ರಕಾರ ಜೋಡಿಸಿ, ವಿಎಲ್‌ಸಿ ಪ್ಲೇಯರಿನಲ್ಲಿ `E` ಒತ್ತುತ್ತಾ ಒಂದೊಂದೇ ಫ್ರೇಮ್ ಮುಂದೆ ಹೋಗಿ ನೋಡಿದೆ. ಆಷಾಢದಿಂದ ಕೊಯ್ಲಿನವರೆಗೆ ಎಲ್ಲಿ ಸಿಕ್ಕಿಬಿದ್ದಳು, ಎಲ್ಲಿ ದಾಟಿದಳು ಅನ್ನೋದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತೆ. ಕಾಣದೇ ಇದ್ದದ್ದನ್ನು ಕೇಳಿ ತಿಳಿದುಕೊಂಡೆ.

ಟ್ಯಾಬಿನ ಕರಾರು

ಟ್ಯಾಬು ಪಕ್ಕದ ಮನೆಯ ಅಕ್ಕನದು. ಅವರು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದರು, ಟ್ಯಾಬಿನ ತುಂಬಾ ಪಾಠದ ವಿಡಿಯೊಗಳು. ರಾತ್ರಿ ಊಟ ಆದಮೇಲೆ ಪುಟ್ಟಿಗೆ, ಬೆಳಗ್ಗೆ ಚಾರ್ಜ್ ತುಂಬಿಸಿ ವಾಪಸ್. ಅಪ್ಪನಿಗೆ ವಾಟ್ಸಾಪ್ ಮಾಡೋದು ಬಿಟ್ಟರೆ ನೆಟ್ ಇಲ್ಲ, ಪಾಠದ ವಿಡಿಯೊ ಮುಟ್ಟುವಂತಿಲ್ಲ. ಬೇಡಿದ ಮೇಲೆ ಒಂದೇ ಒಂದು ಆಪ್ ಹಾಕಿಕೊಟ್ಟಿದ್ದರು, ಒಂದೊಂದೇ ಚಿತ್ರ ಬಿಡಿಸಿ ಓಡಿಸುವ ಫ್ಲಿಪಾಕ್ಲಿಪ್. ಅದೂ ಉಚಿತ ಆವೃತ್ತಿ, ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯಂಥ ಲೇಯರ್ ಮೂರು ಅಷ್ಟೇ. ಅನಿಮೇಶನ್ ಕಲಿಸುವ ಇಂಗ್ಲಿಷ್ ವಿಡಿಯೊ ಒಂದೆರಡನ್ನು ಅವರ ಮನೆಯಲ್ಲೇ ನೋಡಿದ್ದಳಂತೆ. ಮಾತು ಅರ್ಥವಾಗದೆ ಸುಮ್ನೆ ಕೈ ಎಲ್ಲಿ ಹೋಗುತ್ತೆ ಅಂತ ನೋಡಿಕೊಂಡು ಬಂದಿದ್ದಳು.

ಹತ್ತಿಂಚಿನ ಮಾಮೂಲಿ ಟ್ಯಾಬು, ಪೆನ್ ಜೊತೆಗೆ ಬರುವಂಥದ್ದಲ್ಲ. ಬೆರಳಲ್ಲಿ ಬಿಡಿಸಿದರೆ ಬೆರಳೇ ಅಡ್ಡ ಬರುತ್ತೆ, ಗೆರೆ ಎಲ್ಲಿ ಬೀಳುತ್ತಿದೆ ಅಂತ ಕಾಣೋದಿಲ್ಲ. ಅದಕ್ಕೆ ಅವಳೇ ಕಡ್ಡಿ ಮಾಡಿಕೊಂಡಳು. ಹಳೇ ಬಾಲ್‌ಪೆನ್ನಿನ ಕೊಳವೆಗೆ ಕಿವಿ ಕಡ್ಡಿಯ ಹತ್ತಿ ತುದಿ ಸಿಕ್ಕಿಸಿ, ಅಲ್ಲಿಂದ ಕೈ ಹಿಡಿಯುವ ಜಾಗದವರೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಹತ್ತಿಯನ್ನು ಒಂಚೂರು ಒದ್ದೆ ಮಾಡಿದರೆ ಆಯಿತು. ಇಂಥ ಸ್ಕ್ರೀನು ಒತ್ತಡವನ್ನು ಗುರುತಿಸೋದಿಲ್ಲ, ವಿದ್ಯುತ್ ಹರಿಯಬಲ್ಲ ಮೈ ತಾಗಿದ್ದನ್ನು ಗುರುತಿಸುತ್ತೆ. ಹಾಗಾಗಿ ಕೈಯಿಂದ ತುದಿಯವರೆಗೆ ಲೋಹವೋ ನೀರೋ ಎಡೆಬಿಡದೆ ಇರಬೇಕು. ತುದಿ ತೀರಾ ಚೂಪಾದರೂ ಆಗೋದಿಲ್ಲ, ಅಷ್ಟು ಸಣ್ಣ ಚುಕ್ಕೆಯನ್ನು ಸ್ಕ್ರೀನು ಲೆಕ್ಕಕ್ಕೇ ತಗೊಳ್ಳೋದಿಲ್ಲ.

ಆಮೇಲೆ ಅಂಗೈಯ ತಾಪತ್ರಯ. ಬಿಡಿಸುವಾಗ ಅಂಗೈ ಸ್ಕ್ರೀನಿಗೆ ತಾಗಿ ಎಲ್ಲೆಲ್ಲೋ ಗೆರೆ ಬೀಳುತ್ತಿತ್ತು. ಬೆರಳಿನ ಕಡೆ ಕತ್ತರಿಸಿದ ಕಾಲುಚೀಲವನ್ನು ಮಡಚಿ ಕೈಗೆ ಹಾಕಿಕೊಂಡಳು, ಸರಿಹೋಯಿತು. ಆದರೆ ಶ್ರಾವಣದ ವಿಡಿಯೊಗಳಲ್ಲಿ ಮತ್ತೆ ಮೂಲೆಯಲ್ಲಿ ಸಣ್ಣ ಸಣ್ಣ ಗೀರುಗಳು ಕಾಣುತ್ತವೆ. ನಾನು ಯೋಚಿಸಿ ಯೋಚಿಸಿ ಸೋತು ಕೇಳಿದೆ. "ಅತ್ತೆ, ಮಳೇಲಿ ಕಾಲುಚೀಲ ಒಣಗ್ತಾನೇ ಇರ್ಲಿಲ್ಲ" ಅಂದಳು. ಒದ್ದೆ ಬಟ್ಟೆ ಅಂದರೆ ಸ್ಕ್ರೀನಿಗೆ ಚರ್ಮ ಇದ್ದ ಹಾಗೇ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಒಣಗಿಸಿಕೊಳ್ಳತೊಡಗಿದ ಮೇಲೆ ಗೀರು ನಿಂತಿವೆ.

ಒಂದು ರಾತ್ರಿ, ಒಂದು ಸೆಕೆಂಡು

ಮೊದಲ ಫೈಲುಗಳಲ್ಲಿ ಕಣ್ಣು ಮಿಟುಕಿಸುವ ಬೆಕ್ಕು, ಅರಳುವ ದಾಸವಾಳ, ಅಂಥವು. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಓಡುವ ಚಿತ್ರಗಳ ಲೆಕ್ಕ, 30 ಇಟ್ಟಿದ್ದಳು, ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ. ರಾತ್ರಿಯೆಲ್ಲ ಕೂತು 30 ಚಿತ್ರ ಬಿಡಿಸಿ ಪ್ಲೇ ಒತ್ತಿದರೆ ಒಂದೇ ಸೆಕೆಂಡಿಗೆ ಖಾಲಿ. ಮುಂದಿನ ವಿಡಿಯೊ 6ರಲ್ಲಿದೆ, ಬೆಕ್ಕು ಕುಲುಕಿ ಕುಲುಕಿ ಓಡುತ್ತೆ. ಅದಾದ ಮೇಲೆ 12ಕ್ಕೆ ಬಂದವಳು ಮತ್ತೆ ಬದಲಾಯಿಸಲಿಲ್ಲ.

ಕೈಯಲ್ಲಿ ಬಿಡಿಸುವವರು ಬಹಳ ಹಿಂದೆಯೇ ನೆಲೆ ನಿಂತ ಲೆಕ್ಕವೂ ಇದೇ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತೆ, ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ಹಿಡಿದರೆ ಸೆಕೆಂಡಿಗೆ 12 ಚಿತ್ರ ಸಾಕು. ಬಹುತೇಕ ಚಲನೆಗೆ ಅಷ್ಟರಲ್ಲೇ ಕಣ್ಣು ಒಪ್ಪಿಕೊಳ್ಳುತ್ತೆ. ತೀರಾ ವೇಗದ್ದಕ್ಕೆ ಮಾತ್ರ ಸಾಲೋದಿಲ್ಲ, ಆ ತೊಂದರೆ ಮುಂದೆ ಬರುತ್ತೆ.

ತೂಕವಿಲ್ಲದ ಕೊನೆ

ಭಾದ್ರಪದದ ಹೊತ್ತಿಗೆ ಅವಳಿಗೆ ಬೆಕ್ಕು ಬೇಜಾರಾಗಿ, ಅಡಿಕೆ ಕೊಯ್ಲಿನ ಒಂದು ಸಣ್ಣ ಚಿತ್ರ ಮಾಡಬೇಕು ಅನ್ನಿಸಿದೆ. ಮಲೆನಾಡಿನವರಿಗೆ ಹೇಳಬೇಕಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಅಡಿಕೆ ಗೊನೆಗೆ ನಮ್ಮಲ್ಲಿ ಕೊನೆ ಅಂತಾರೆ, ಅದನ್ನು ಕೊಯ್ಯುವವನು ಕೊನೆಗೌಡ. ಅವನು ಕಾಲಿಗೆ ತಳೆ, ಅಂದರೆ ಪಾದಕ್ಕೆ ಸಿಕ್ಕಿಸುವ ಬಳೆ, ಹಾಕಿಕೊಂಡು ಮರ ಹತ್ತುತ್ತಾನೆ. ಮೇಲಿಂದ ಒಂದು ನೇಣು, ಅಂದರೆ ಹಗ್ಗ, ಇಳಿಜಾರಾಗಿ ಕೆಳಗೆ ಬಂದಿರುತ್ತೆ, ಅದರ ಕೆಳತುದಿಯನ್ನು ಒಬ್ಬ ಹಿಡಿದು ನಿಂತಿರುತ್ತಾನೆ. ಕೊಯ್ದ ಕೊನೆಯನ್ನು ನೇಣಿಗೆ ಹಾಕಿ ಬಿಟ್ಟರೆ ಅದು ಜಾರಿಕೊಂಡು ಸೀದಾ ಕೆಳಗಿನವನ ಹತ್ತಿರ ಬರುತ್ತೆ. ನೆಲಕ್ಕೆ ಬಿದ್ದು ಕಾಯಿ ಚೆಲ್ಲಾಪಿಲ್ಲಿ ಆಗಬಾರದು ಅಂತ ಈ ಉಪಾಯ. ಮುಂದಿನ ಮರಕ್ಕೆ ಇಳಿಯದೆ, ಮರವನ್ನೇ ಬಾಗಿಸಿಕೊಂಡು ಹೋಗುತ್ತಾನೆ.

ಕೊನೆ ಜಾರುವ ಅವಳ ಮೊದಲ ವಿಡಿಯೊ ನೋಡಿ. ಸ್ಕ್ರೀನಿನ ಮೇಲೆ ನೇಣಿನ ಉದ್ದ ಸುಮಾರು 20 ಸೆಂಟಿಮೀಟರ್. ಸ್ಕೇಲ್ ಇಟ್ಟು 20 ಚಿತ್ರ ಬಿಡಿಸಿದ್ದಾಳೆ, ಒಂದೊಂದು ಚಿತ್ರದಲ್ಲಿ ಕೊನೆ ಕರೆಕ್ಟಾಗಿ ಒಂದೊಂದು ಸೆಂಟಿಮೀಟರ್ ಕೆಳಗೆ. ಒಂದೊಂದು ಚಿತ್ರವೂ ಚೆನ್ನಾಗಿದೆ, ಕಾಯಿ, ಕವಲು ಎಲ್ಲ ಅಚ್ಚುಕಟ್ಟು. ಓಡಿಸಿದರೆ ಮಾತ್ರ ಕೊನೆ ಲಿಫ್ಟಿನಲ್ಲಿ ಇಳಿದ ಹಾಗೆ ಇಳಿಯುತ್ತೆ. ಇದು ಹೊಸಬರೆಲ್ಲ ಬೀಳುವ ಗುಂಡಿ. ಅಂತರ ಸಮ ಇದ್ದರೆ ನೀಟಾಗಿರುತ್ತೆ ಅಂತ ಕೈ ಹೇಳುತ್ತೆ, ಆದರೆ ಬೀಳುವ ವಸ್ತು ಸಮ ಅಂತರದಲ್ಲಿ ಬೀಳೋದೇ ಇಲ್ಲ.

ಚಿತ್ರ ಇನ್ನೂ ಚೆನ್ನಾಗಿ ಬಿಡಿಸಿದರೆ ಸರಿಹೋಗುತ್ತೆ ಅಂತ ಅವಳೂ ಅಂದುಕೊಂಡಿದ್ದಾಳೆ. ಮುಂದಿನ ನಾಲ್ಕೈದು ಫೈಲುಗಳಲ್ಲಿ ಕೊನೆಗೆ ನೆರಳು ಬಂದಿದೆ, ಬಣ್ಣ ಬಂದಿದೆ, ಹಿಂದೆ ತೋಟ ಬಂದಿದೆ. ಲಿಫ್ಟು ಮಾತ್ರ ಲಿಫ್ಟೇ. ನನ್ನ ಪ್ರಕಾರ ಈ ಕೆಲಸ ಬಿಟ್ಟುಹೋಗುವವರು ಜಾಸ್ತಿ ಬಿಟ್ಟುಹೋಗೋದು ಇಲ್ಲಿಯೇ. ದೋಷ ಚಿತ್ರದ ಒಳಗಿಲ್ಲ, ಎರಡು ಚಿತ್ರಗಳ ನಡುವಿನ ಜಾಗದಲ್ಲಿದೆ ಅನ್ನೋದು ಒಂದೊಂದೇ ಚಿತ್ರ ನೋಡುತ್ತಾ ಕೂತವರಿಗೆ ಹೊಳೆಯೋದೇ ಇಲ್ಲ.

ಪ್ಲಾಸ್ಟಿಕ್ ಹಾಳೆಯ ಮೇಲೆ ಚುಕ್ಕಿಗಳು

ಕೊಯ್ಲು ಶುರುವಾದ ಮೇಲೆ ಒಂದು ಭಾನುವಾರ ಹಗಲು ಹೊತ್ತಿನಲ್ಲೂ ಟ್ಯಾಬು ಕೇಳಿ ತಗೊಂಡು ತೋಟಕ್ಕೆ ಹೋಗಿದ್ದಾಳೆ. ಮೊದಲು ವಿಡಿಯೊ ಮಾಡಿದಳು. ಅದನ್ನು ಗ್ಯಾಲರಿಯಲ್ಲಿ ನಿಧಾನಕ್ಕೆ ಎಳೆದು ನೋಡೋಣ ಅಂದರೆ, ಕೊನೆ ಮೇಲಿದ್ದದ್ದು ಒಂದೇ ಏಟಿಗೆ ಕೆಳಗೆ ಹಾರುತ್ತಿತ್ತು. ಅದಕ್ಕೆ ಕಾರಣ ಇದೆ. ವಿಡಿಯೊ ಫೈಲಿನಲ್ಲಿ ಎಲ್ಲ ಫ್ರೇಮೂ ಪೂರ್ತಿ ಚಿತ್ರವಾಗಿ ಇರೋದಿಲ್ಲ. ಆಗೊಂದು ಈಗೊಂದು ಪೂರ್ತಿ ಚಿತ್ರ ಇರುತ್ತೆ, ಅದರ ನಡುವೆ ಬರೀ ವ್ಯತ್ಯಾಸ ಬರೆದಿರುತ್ತೆ. ಬೆರಳಲ್ಲಿ ಎಳೆದಾಗ ಎಷ್ಟೋ ಪ್ಲೇಯರುಗಳು ಆ ಪೂರ್ತಿ ಚಿತ್ರಗಳಿಗೆ ಮಾತ್ರ ಹೋಗಿ ನಿಲ್ಲುತ್ತವೆ.

ಈ ಕಾರಣ ಅವಳಿಗೆ ಗೊತ್ತಿರಲಿಲ್ಲ, ಆದರೆ ದಾರಿ ಹುಡುಕಿಕೊಂಡಳು. ಕ್ಯಾಮೆರಾದ ಬಟನ್ ಒತ್ತಿ ಹಿಡಿದರೆ ಪಟಪಟ ಅಂತ ಸಾಲಾಗಿ ಫೋಟೊ ಬರುತ್ತವಲ್ಲ, ಹಾಗೆ ತೆಗೆದಳು. ಅವುಗಳ ನಡುವೆ ಎಷ್ಟು ಹೊತ್ತು ಅನ್ನೋದು ಮುಖ್ಯ ಅಲ್ಲ, ಹೆಚ್ಚುಕಡಿಮೆ ಒಂದೇ ಸಮ ಇದ್ದರೆ ಸಾಕು. ರಾತ್ರಿ ಮನೆಗೆ ಬಂದು ನೋಟ್‌ಬುಕ್ಕಿನ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಿ ಸ್ಕ್ರೀನಿನ ಮೇಲೆ ಇಟ್ಟು, ಒಂದೊಂದು ಫೋಟೊದಲ್ಲೂ ಕೊನೆ ಎಲ್ಲಿದೆಯೋ ಅಲ್ಲಿ ಮಾರ್ಕರಿನಿಂದ ಒಂದು ಚುಕ್ಕಿ. ಬಟನ್ ಒತ್ತುವಾಗ ಕೈ ಅಲುಗಿ ಫೋಟೊಗಳು ಆಚೆ ಈಚೆ ಆಗಿದ್ದವು. ಅದಕ್ಕೆ ಹಿಂದೆ ಕಾಣುವ ಒಂದು ಮರದ ಬುಡ ಮತ್ತು ಬೇಲಿಯ ಗೂಟಕ್ಕೆ ಪ್ಲಾಸ್ಟಿಕ್ಕಿನ ಮೇಲೆ ಎರಡು ಗುರುತು ಹಾಕಿ, ಪ್ರತಿ ಫೋಟೊಗೂ ಮೊದಲು ಆ ಗುರುತು ಕೂಡಿಸಿಕೊಂಡು ಆಮೇಲೆ ಚುಕ್ಕಿ ಇಟ್ಟಿದ್ದಾಳೆ. ಕಾಗದದ ಮೇಲೆ ಅನಿಮೇಶನ್ ಮಾಡುವವರು ಹಾಳೆಗಳಿಗೆ ತೂತು ಹೊಡೆದು ಗೂಟಕ್ಕೆ ಸಿಕ್ಕಿಸುವುದೂ ಇದೇ ಕಾರಣಕ್ಕೆ. ಇದನ್ನು ಅವಳಿಗೆ ಹೇಳಿಕೊಟ್ಟವರು ಯಾರೂ ಇಲ್ಲ. ನಿಜ ಹೇಳಬೇಕೆಂದರೆ ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಈ ಎರಡು ಗುರುತು.

ಆ ಪ್ಲಾಸ್ಟಿಕ್ ಹಾಳೆ ನಾನು ಹೋದಾಗಲೂ ಇತ್ತು. ಮೇಲೆ ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡ ಹಾಗಿವೆ, ಕೆಳಗೆ ಬರುತ್ತಾ ದೂರ ದೂರ, ಕಡೆಗೆ ಹಿಡಿಯುವವನ ಹತ್ತಿರ ಮತ್ತೆ ಒತ್ತೊತ್ತಾಗಿವೆ.

ಮೇಲಿನ ಭಾಗ ಗುರುತ್ವದ್ದು. ಒಂದೇ ಸಮನಾಗಿ ವೇಗ ಹೆಚ್ಚುತ್ತಾ ಹೋಗುವ ವಸ್ತು ಮೊದಲ ಗಳಿಗೆಯಲ್ಲಿ 1 ಪಾಲು ದೂರ ಹೋದರೆ, ಎರಡನೇ ಅಷ್ಟೇ ಗಳಿಗೆಯಲ್ಲಿ 3 ಪಾಲು, ಆಮೇಲೆ 5, ಆಮೇಲೆ 7. ಗೆಲಿಲಿಯೊ ಕಂಡುಕೊಂಡ ಲೆಕ್ಕ. ಸೆಕೆಂಡಿಗೆ 12 ಚಿತ್ರ ಅಂದರೆ ಮೊದಲ ಚಿತ್ರದ ಹೊತ್ತಿನಲ್ಲಿ, ಕೈಬಿಟ್ಟ ವಸ್ತು ಸುಮಾರು 3.4 ಸೆಂಟಿಮೀಟರ್ ಬೀಳುತ್ತೆ. ಆರು ಚಿತ್ರಕ್ಕೆ 1, 3, 5, 7, 9, 11 ಕೂಡಿದರೆ 36 ಪಾಲು, ಅಂದರೆ ಸುಮಾರು 122 ಸೆಂಟಿಮೀಟರ್. ನಾಲ್ಕಡಿ ಎತ್ತರದಿಂದ ಬೀಳುವ ಅಡಿಕೆಗೆ ಆರು ಚಿತ್ರ ಸಾಕು ಅಂತ ಇದರಿಂದಲೇ ಗೊತ್ತಾಗುತ್ತೆ. ನೇಣಿನ ಮೇಲೆ ಜಾರುವಾಗ ಇಳಿಜಾರು ಮತ್ತು ತಿಕ್ಕಾಟದಿಂದ ವೇಗ ಕಡಿಮೆ, ಆದರೆ 1, 3, 5, 7 ಅನ್ನೋ ಕ್ರಮ ಹೆಚ್ಚುಕಡಿಮೆ ಹಾಗೇ ಇರುತ್ತೆ.

ಕೆಳಗಿನ ಒತ್ತು ಚುಕ್ಕಿಗಳು ನೇಣು ಹಿಡಿದವನ ಕೈಚಳಕ. ಕೊನೆ ಹತ್ತಿರ ಬಂದಾಗ ಅವನು ನೇಣನ್ನು ಒಂಚೂರು ಸಡಿಲ ಬಿಡುತ್ತಾನೆ. ಕೆಳಗೆ ಇಳಿಜಾರು ಕಡಿಮೆಯಾಗಿ ಕೊನೆ ತಾನಾಗಿ ನಿಧಾನ ಆಗುತ್ತೆ. ಹುಟ್ಟಿದಾಗಿನಿಂದ ಕೊಯ್ಲು ನೋಡಿದ ಹುಡುಗಿಗೆ ಇದು ಕಣ್ಣಿಗೆ ಬಿದ್ದಿದ್ದು ಚುಕ್ಕಿ ಇಟ್ಟ ಮೇಲೆ.

14, 18, 36

ಸ್ಕೇಲ್ ಇತ್ತಲ್ಲ, ಮಿಲಿಮೀಟರ್ ಲೆಕ್ಕದಲ್ಲಿ ಬೆಸ ಸಂಖ್ಯೆ ಹಾಕಿದಳು. 1, 3, 5 ಅಂತ 27ರವರೆಗೆ ಹೋದರೆ 14 ಚಿತ್ರ, ಒಟ್ಟು 196 ಮಿಲಿಮೀಟರ್. ಅವಳ 20 ಸೆಂಟಿಮೀಟರ್ ನೇಣಿಗೆ ಸರಿಯಾಗಿ ಕೂತಿತು. ಓಡಿಸಿದರೆ, ಮೊದಲ ಸಲ, ಕೊನೆ ಬಿದ್ದಿತು. ಆದರೆ ಅತಿ ವೇಗದಲ್ಲಿ ಬಂದು ಹಿಡಿಯುವವನ ಎದೆಗೆ ಗುದ್ದಿದ ಹಾಗಿದೆ. ಜೊತೆಗೆ ಕಡೆಕಡೆಯ ಚಿತ್ರಗಳಲ್ಲಿ 25, 27 ಮಿಲಿಮೀಟರ್ ಹಾರಿದ್ದರಿಂದ ಒಂದು ಕೊನೆ ಜಾರುವ ಬದಲು ಮೂರು ಕೊನೆ ಒಂದೊಂದು ಕಡೆ ಮಿಂಚಿ ಮಾಯವಾದ ಹಾಗೆ ಕಾಣುತ್ತೆ. ವೇಗಕ್ಕೆ 12 ಸಾಲೋದಿಲ್ಲ ಅಂದೆನಲ್ಲ, ಅದು ಇದೇ. ಗುರುತಿಸೋದು ಸುಲಭ: ಪಕ್ಕಪಕ್ಕದ ಎರಡು ಚಿತ್ರಗಳಲ್ಲಿ ವಸ್ತು ತನ್ನ ಗಾತ್ರಕ್ಕಿಂತ ದೂರ ಹಾರಿ, ನಡುವೆ ಖಾಲಿ ಜಾಗ ಬಿದ್ದರೆ ಕಣ್ಣು ಅದನ್ನು ಜೋಡಿಸಿಕೊಳ್ಳಲು ಕಷ್ಟಪಡುತ್ತೆ.

ಮುಂದಿನದರಲ್ಲಿ 23ರವರೆಗೆ ಏರಿಸಿ, ಅಲ್ಲಿಂದ 20, 14, 9, 5, 3, 1 ಅಂತ ಇಳಿಸಿದ್ದಾಳೆ. ಒಟ್ಟು ಅದೇ 196, ಈಗ 18 ಚಿತ್ರ, ಒಂದೂವರೆ ಸೆಕೆಂಡು. ಗುದ್ದು ಹೋಯಿತು. ಅಪ್ಪನಿಗೆ ತೋರಿಸಿದಾಗ ಅವರು ಅಂದಿದ್ದು ಇಷ್ಟೇ, "ಚೆನ್ನಾಗಿದೆ ಕಣೇ, ಆದ್ರೆ ಇದು ಯಾವ ಸಸಿ ತೋಟ?"

ಅಣ್ಣನ ಮಾತು ಸರಿ ಇತ್ತು. ನಲವತ್ತು ಅಡಿ ಮರದಿಂದ ಕಲ್ಲು ಬಿಟ್ಟರೂ ನೆಲ ಮುಟ್ಟಲು ಒಂದೂವರೆ ಸೆಕೆಂಡಿಗಿಂತ ತುಸು ಜಾಸ್ತಿ ಬೇಕು. ನೇಣಿನ ಮೇಲೆ ಜಾರುವ ಕೊನೆ ಅದಕ್ಕಿಂತ ಬೇಗ ಬಂದರೆ ನೋಡುವವರ ಕಣ್ಣು ಮರವನ್ನೇ ಗಿಡ್ಡ ಮಾಡಿಬಿಡುತ್ತೆ. ಎತ್ತರ ಅನ್ನೋದು ಚಿತ್ರದಲ್ಲಿ ಬಿಡಿಸಿದ ಮರದಿಂದ ಅಷ್ಟಾಗಿ ಬರೋದಿಲ್ಲ, ಬೀಳಲು ಹಿಡಿದ ಹೊತ್ತಿನಿಂದ ಬರುತ್ತೆ. ಮರುದಿನ ತೋಟದಲ್ಲಿ ಅಪ್ಪನ ಗಡಿಯಾರ ಹಿಡಿದು ನೋಡಿದಳು, ಸುಮಾರು ಮೂರು ಸೆಕೆಂಡು. ಹಾಗಾಗಿ 36 ಚಿತ್ರ. ಎಲ್ಲ ಅಂತರಗಳೂ ಸುಮಾರು ಅರ್ಧಕ್ಕೆ ಇಳಿದವು, ಅತಿ ದೊಡ್ಡದು 12 ಮಿಲಿಮೀಟರ್ ಆಸುಪಾಸು. ಮಿಂಚಿ ಮಾಯವಾಗುವ ತೊಂದರೆಯೂ ಅದರ ಜೊತೆಗೇ ಹೋಯಿತು.

ಇನ್ನೊಂದು ಉಳಿದಿತ್ತು. ನೇಣನ್ನು ನೆಟ್ಟಗೆ ಸ್ಕೇಲಿನಲ್ಲಿ ಎಳೆದಿದ್ದಳು. ಹಸಿ ಕೊನೆಗೆ ತೂಕ ಇರುತ್ತೆ, ಅದು ಇರುವ ಕಡೆ ನೇಣು ಜಗ್ಗಬೇಕು, ಕೊನೆ ಮುಂದೆ ಹೋದ ಹಾಗೆ ಆ ಜಗ್ಗೂ ಮುಂದೆ ಹೋಗಬೇಕು, ಹಿಂದಿನ ನೇಣು ಒಂದೆರಡು ಸಲ ಕುಣಿದು ನೆಟ್ಟಗಾಗಬೇಕು. ಅವಳು ಅಡಿಕೆ ಕೊನೆಯ ಚಿತ್ರಕ್ಕೆ ಒಂದು ಗೆರೆಯನ್ನೂ ಸೇರಿಸದೆ, ನೇಣನ್ನು ಮಾತ್ರ 36 ಸಲ ಬೇರೆಯಾಗಿ ಬಿಡಿಸಿದ್ದಾಳೆ. ಎರಡೂ ವಿಡಿಯೊ ಅಕ್ಕಪಕ್ಕ ಇಟ್ಟು ನೋಡಿದೆ. ಮೊದಲನೆಯದರಲ್ಲಿ ಕೊನೆ ಕಾಗದದ್ದು, ಎರಡನೆಯದರಲ್ಲಿ ಎತ್ತಿದರೆ ಸೊಂಟ ಹಿಡಿಯುವಂಥದ್ದು. ತೂಕ ತೋರಿಸಲು ಭಾರದ ವಸ್ತುವನ್ನಲ್ಲ, ಅದನ್ನು ಹೊತ್ತದ್ದನ್ನು ಬಿಡಿಸಬೇಕು ಅಂತ ನಾನು ಸ್ಟುಡಿಯೊದಲ್ಲಿ ಹೊಸ ಹುಡುಗರಿಗೆ ಹೇಳಿ ಹೇಳಿ ಸಾಕಾಗಿದ್ದೇನೆ!

ಮೂರು ಲೇಯರ್

ಹಿನ್ನೆಲೆಯ ತೋಟಕ್ಕೆ ಒಂದು ಲೇಯರ್, ನೇಣಿಗೆ ಒಂದು, ಕೊನೆಗೆ ಒಂದು. ಕೊನೆಗೌಡನಿಗೆ ಜಾಗವೇ ಇಲ್ಲ. ಅಡಿಕೆ ಕೊನೆಯ ಲೇಯರಿನಲ್ಲೇ ಅವನನ್ನೂ ಕೂರಿಸಿದ ಒಂದು ಫೈಲ್ ಇದೆ. ಕೊನೆ ಅಳಿಸುವಾಗ ಅವನ ಪಾದವೂ ಅಳಿಸಿ, ಮತ್ತೆ ಬಿಡಿಸಿ, ಚಿತ್ರದಿಂದ ಚಿತ್ರಕ್ಕೆ ಪಾದ ಉಬ್ಬಿ ಕುಗ್ಗಿ ಕುದಿಯುತ್ತಿದೆ. ಅದನ್ನು ಕೈಬಿಟ್ಟು ಬೇರೆ ದಾರಿ ಹಿಡಿದಳು. ಮೊದಲು ಮೇಲೆ ಕೊನೆಗೌಡ ಮಾತ್ರ, ಕೈ ಚಾಚಿ ಕೊನೆ ಬಿಡುತ್ತಾನೆ. ಅಲ್ಲಿಗೆ ಕಟ್. ಮುಂದಿನ ಶಾಟಿನಲ್ಲಿ ನೇಣು ಮತ್ತು ಕೊನೆ ಮಾತ್ರ. ಮತ್ತೆ ಕಟ್, ಹಿಡಿಯುವವನು. ಚಿತ್ರ ಬಿಡಿ ಶಾಟುಗಳಾಗಿದ್ದು ಹೀಗೆ, ಕಲೆಯ ದೃಷ್ಟಿಯಿಂದಲ್ಲ, ಲೇಯರ್ ಸಾಲದೆ. ಆದರೂ ಹೇಳುತ್ತೇನೆ, ಹತ್ತು ಲೇಯರ್ ಇದ್ದಿದ್ದರೆ ಎಲ್ಲವನ್ನೂ ಒಂದೇ ಶಾಟಿನಲ್ಲಿ ತುರುಕಿ ಕೆಡಿಸುತ್ತಿದ್ದಳು.

ಈ ನಡುವೆ ಒಂದು ಅನಾಹುತ ಆಯಿತು. ಪಾಠದ ವಿಡಿಯೊಗಳಿಗೆ ಜಾಗ ಸಾಲದೆ ಟ್ಯಾಬಿನ ಅಕ್ಕ ಸೆಟ್ಟಿಂಗ್ಸಿಗೆ ಹೋಗಿ ಆಪುಗಳ ಕಸ ಗುಡಿಸಿದ್ದಾರೆ. `Clear cache` ಒತ್ತಿದ್ದರೆ ಏನೂ ಆಗುತ್ತಿರಲಿಲ್ಲ, ಒತ್ತಿದ್ದು `Clear data`. ಪ್ರಾಜೆಕ್ಟುಗಳೆಲ್ಲ ಹೋದವು. ಅವರನ್ನು ಬೈಯುವ ಹಾಗೂ ಇಲ್ಲ, ಟ್ಯಾಬು ಅವರದು. ಉಳಿದಿದ್ದು ಅಪ್ಪನ ಫೋನಿನ ವಿಡಿಯೊಗಳು, ಅವೂ ವಾಟ್ಸಾಪ್ ಹಿಂಡಿ ಕಳಿಸಿದ ಮಸುಕು ಪ್ರತಿಗಳು, ಅವುಗಳ ಒಳಗಿನ ಲೇಯರ್ ತಿದ್ದಲು ಆಗೋದಿಲ್ಲ. ಅಳುತ್ತಾ ಕೂತಿದ್ದಳು ಅಂತ ಅತ್ತಿಗೆ ಹೇಳಿದರು. ಅಂತರದ ಪಟ್ಟಿ ಮಾತ್ರ ಗಣಿತದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದಳು. ಅದನ್ನು ನೋಡಿಕೊಂಡು ನೇಣಿನ ಶಾಟನ್ನು ಪೂರ್ತಿ ಮತ್ತೆ ಮಾಡಿದಳು, ಈ ಸಲ ಮೊದಲಿಗಿಂತ ಬೇಗ ಮುಗಿದಿದೆ. ಅಲ್ಲಿಂದ ಮುಂದೆ ಪ್ರತಿ ಶಾಟಿನ ಮೂಲ ವಿಡಿಯೊವನ್ನು ಮೆಮೊರಿ ಕಾರ್ಡಿಗೂ ಹಾಕುತ್ತಾಳೆ, ವಾಟ್ಸಾಪಿನಲ್ಲಿ ಕಳಿಸುವುದಾದರೆ ವಿಡಿಯೊ ಅಂತಲ್ಲದೆ ಡಾಕ್ಯುಮೆಂಟ್ ಅಂತ ಕಳಿಸುತ್ತಾಳೆ. ಹಾಗೆ ಕಳಿಸಿದರೆ ಫೈಲು ಇದ್ದ ಹಾಗೇ ಹೋಗುತ್ತೆ, ಮಸುಕಾಗೋದಿಲ್ಲ.

ಮರ ಹತ್ತುವವನು

ನಾನು ಹೋದಾಗ ಅವಳು ಸಿಕ್ಕಿಬಿದ್ದಿದ್ದು ಇಲ್ಲಿ. ಅವಳ ಕೊನೆಗೌಡ ಕೈಕಾಲು ಆಡಿಸುತ್ತಾ ಒಂದೇ ವೇಗದಲ್ಲಿ ಮೇಲೆ ಹೋಗುತ್ತಿದ್ದ, ಯಾರೋ ಮೇಲಿಂದ ಎಳೆದುಕೊಂಡ ಹಾಗೆ. ಬಿಡಿಸಿದ ಒಂದೊಂದು ಭಂಗಿಯೂ ಸರಿ ಇತ್ತು.

ನಾನು ಒಂದೇ ಪ್ರಶ್ನೆ ಕೇಳಿದೆ. "ಅವನು ಕಾಲು ಮೇಲೆ ಎಳ್ಕೊಳ್ಳುವಾಗ ತಲೆ ಎಲ್ಲಿರುತ್ತೆ?" ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಅಂಗಳದ ಕಂಬ ತಬ್ಬಿಕೊಂಡು ಹತ್ತಲು ನೋಡಿದಳು. "ಅಲ್ಲೇ ಇರುತ್ತೆ ಅತ್ತೆ! ಆಮೇಲೆ ಕಾಲು ನೆಟ್ಟಗೆ ಮಾಡಿದಾಗ ಮೇಲೆ ಹೋಗುತ್ತೆ."

ಅಷ್ಟೇ ವಿಷಯ. ಹತ್ತುವುದರಲ್ಲಿ ಎರಡು ಹಂತ. ಕೈ ಮರ ಹಿಡಿದಿರುವಾಗ ಮೊಣಕಾಲು ಮಡಚಿ ಪಾದ ಮೇಲೆ ಬರುತ್ತೆ, ತಲೆ ಅಲುಗೋದಿಲ್ಲ. ತಳೆ ಮರಕ್ಕೆ ಕಚ್ಚಿದ ಮೇಲೆ ಕಾಲು ನೆಟ್ಟಗಾಗಿ ಮೈ ಮೇಲೇಳುತ್ತೆ, ಆಗ ಪಾದ ಅಲುಗೋದಿಲ್ಲ. ಅವಳು ಪಾದಕ್ಕೆ ನಾಲ್ಕು ಚಿತ್ರ, ಕಚ್ಚಿ ನಿಲ್ಲಲು ಎರಡು, ಮೈ ಏಳಲು ನಾಲ್ಕು, ಕೈ ಬದಲಿಸಲು ಎರಡು ಇಟ್ಟಳು. ಒಂದು ಹೆಜ್ಜೆಗೆ ಒಂದು ಸೆಕೆಂಡು. ಅದನ್ನೇ ಕಾಪಿ ಮಾಡಿ ಮೇಲೆ ಸರಿಸುತ್ತಾ ಹೋದರೆ ಮರ ಹತ್ತಿಸಬಹುದು.

ಇಲ್ಲಿ ಆಗುವ ಇನ್ನೊಂದು ತಪ್ಪು ಪಾದ ಜಾರುವುದು. ನಿಂತಿರಬೇಕಾದ ಪಾದ ಚಿತ್ರದಿಂದ ಚಿತ್ರಕ್ಕೆ ಒಂಚೂರು ಸರಿದರೂ ಅವನು ಎಣ್ಣೆ ಹಚ್ಚಿದ ಕಂಬ ಹತ್ತುತ್ತಿರುವ ಹಾಗೆ ಕಾಣುತ್ತೆ. ಅಡಿಕೆ ಮರದಲ್ಲಿ ಇದಕ್ಕೆ ಒಳ್ಳೆ ಅಳತೆಗೋಲು ಇದೆ, ಉದುರಿದ ಸೋಗೆ ಬಿಟ್ಟುಹೋದ ಗಣ್ಣಿನ ಉಂಗುರಗಳು. ಪುಟ್ಟಿ ಉಂಗುರಗಳನ್ನು ಸರಿಯಾಗಿ ಬಿಡಿಸಿದ್ದಳು. ಪಾದ ಯಾವ ಉಂಗುರದ ಮೇಲೆ ಕಚ್ಚಿತೋ ಮೈ ಮೇಲೆದ್ದು ಮುಗಿಯುವವರೆಗೆ ಅದೇ ಉಂಗುರದ ಮೇಲೆ ಇರಬೇಕು ಅಂತ ಒಂದೊಂದೇ ಫ್ರೇಮ್ ಹಿಡಿದು ತಾನೇ ತಿದ್ದಿದಳು.

ಹಾಗಂತ ಎಲ್ಲವೂ ಒಬ್ಬಳೇ ಕಲಿಯಲು ಆಗಿದೆ ಅಂತ ನಾನು ಹೇಳೋದಿಲ್ಲ. ಬೀಳುವ ವಸ್ತುವನ್ನು ಅಳೆದು ಕಲಿಯಬಹುದು. ಮನುಷ್ಯರ ಮೈಯಲ್ಲಿ ತೂಕ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅನ್ನೋದು ಅಳತೆಗೆ ಅಷ್ಟು ಸುಲಭಕ್ಕೆ ಸಿಗೋದಿಲ್ಲ, ಅಲ್ಲಿ ಯಾರಾದರೂ ಪಕ್ಕದಲ್ಲಿ ಕೂತು ಸರಿಯಾದ ಪ್ರಶ್ನೆ ಕೇಳಿದರೆ ತಿಂಗಳುಗಳು ಉಳಿಯುತ್ತವೆ. ಅವಳ ಹಿಡಿಯುವವನು ನಡೆದು ಬರುವ ಶಾಟ್ ಈಗಲೂ ಸರಿಯಿಲ್ಲ. ಸೊಂಟ ಏರಿಳಿಯೋದಿಲ್ಲ, ತಟ್ಟೆಯ ಮೇಲೆ ನಿಲ್ಲಿಸಿ ತಳ್ಳಿದ ಹಾಗೆ ಬರುತ್ತಾನೆ. ನಾನು ಹೇಳಿಕೊಡಲಿಲ್ಲ. ಅವಳು ಸದ್ಯಕ್ಕೆ ಆ ಶಾಟನ್ನು ಸೊಂಟದಿಂದ ಮೇಲಕ್ಕೆ ಕಟ್ ಮಾಡಿ ತಪ್ಪಿಸಿಕೊಂಡಿದ್ದಾಳೆ. ಸ್ಟುಡಿಯೊಗಳಲ್ಲೂ ನಾವು ಮಾಡುವುದು ಅದನ್ನೇ, ಹೊರಗೆ ಹೇಳೋದಿಲ್ಲ ಅಷ್ಟೇ.

ಶಬ್ದದ ಬಗ್ಗೆ ಒಂದೇ ಮಾತು. ಕೊನೆ ನೇಣಿನ ಮೇಲೆ ಜಾರುವ ಸದ್ದನ್ನು ಕೊಯ್ಲಿನ ದಿನ ಟ್ಯಾಬಿನಲ್ಲೇ ರೆಕಾರ್ಡ್ ಮಾಡಿದ್ದಾಳೆ, ಚೆನ್ನಾಗಿ ಬಂದಿದೆ. ಉಳಿದಿದ್ದಕ್ಕೆ ಕೈ ಹಾಕಿಲ್ಲ.

ಈ ಕತೆ ಕೇಳಿದವರೆಲ್ಲ ಅವಳಿಗೆ ಟ್ಯಾಬು ಕೊಡಿಸಿದೆಯಾ ಅಂತ ಕೇಳುತ್ತಾರೆ. ಪಕ್ಕದ ಮನೆ ಅಕ್ಕನ ಪರೀಕ್ಷೆ ಮುಗಿಯಿತು, ಹಗಲಲ್ಲೂ ಇಟ್ಟುಕೋ ಅಂದಿದ್ದಾರಂತೆ, ಹಾಗಾಗಿ ಸದ್ಯ ಅದೇ ನಡೆಯುತ್ತಿದೆ. ನಾನು ಕೊಟ್ಟಿದ್ದು ರಬ್ಬರ್ ತುದಿಯ ಒಂದು ಅಗ್ಗದ ಸ್ಟೈಲಸ್. ಅದಕ್ಕಿಂತ ತನ್ನ ಹತ್ತಿ ಕಡ್ಡಿಯೇ ವಾಸಿ ಅನ್ನುತ್ತಾಳೆ, ಗೆರೆ ಎಲ್ಲಿ ಬೀಳುತ್ತೆ ಅಂತ ಚೆನ್ನಾಗಿ ಕಾಣುತ್ತಂತೆ.

ಈಗ ಉಳಿದಿರುವುದು ಒಂದೇ ದೊಡ್ಡ ಶಾಟ್: ಕೊನೆಗೌಡ ಮರ ಬಾಗಿಸಿ ಪಕ್ಕದ ಮರಕ್ಕೆ ದಾಟುವುದು. ದಾಟುವ ಮೊದಲು ಮರ ಒಂದು ಸಲ ಹಿಂದಕ್ಕೆ ತೂಗಿ ಆಮೇಲೆ ಮುಂದೆ ಬಾಗಬೇಕು ಅನ್ನೋದನ್ನು ಅವಳೇ ಕಂಡುಕೊಂಡಿದ್ದಾಳೆ. ಅವನು ಬಿಟ್ಟ ಮೇಲೆ ಖಾಲಿ ಮರ ವಾಪಸ್ ಹೋಗಿ ಓಲಾಡುವ ಕಡೆ ಎಡವಟ್ಟಾಗಿದೆ. ಮೊದಲ ಓಲಾಟಕ್ಕೆ 16 ಚಿತ್ರ, ಎರಡನೆಯದಕ್ಕೆ 10, ಮೂರನೆಯದಕ್ಕೆ 6 ಅಂತ ಇಟ್ಟಿದ್ದಾಳೆ. ಅಗಲ ಕಡಿಮೆಯಾದ ಹಾಗೆ ಹೊತ್ತೂ ಕಡಿಮೆಯಾಗಬೇಕು ಅಂತ ಅವಳ ಲೆಕ್ಕ. ಓಡಿಸಿದರೆ ಮರ ಮೇಜಿನ ಅಂಚಿನಲ್ಲಿ ಮಿಡಿದ ಸ್ಕೇಲಿನ ಹಾಗೆ ಗುಂಯ್‌ಗುಡುತ್ತೆ. ನಿಜವಾದ ಮರದಲ್ಲಿ ಓಲಾಟದ ಅಗಲ ಮಾತ್ರ ಕುಗ್ಗುತ್ತಾ ಹೋಗುತ್ತೆ, ಒಂದು ಓಲಾಟಕ್ಕೆ ಹಿಡಿಯುವ ಹೊತ್ತು ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಫೋನಿನಲ್ಲಿ ಇದನ್ನು ಹೇಳದೆ, ಗಡಿಯಾರ ತಗೊಂಡು ತೋಟಕ್ಕೆ ಹೋಗಿ ಮೊದಲನೇ ಓಲಾಟ ಎಷ್ಟು ಹೊತ್ತು, ನಾಲ್ಕನೆಯದು ಎಷ್ಟು ಹೊತ್ತು ಅಂತ ಅಳೆದು ಹೇಳು ಅಂದಿದ್ದೇನೆ. ಎರಡನೇ ಕೊಯ್ಲಿಗೆ ಕೊನೆಗೌಡ ಬರುವವರೆಗೆ ಕಾಯಬೇಕು ಅಂದಳು.